ಕಾಫಿ ಯಾಕೆ ಮಾರಲಿಲ್ಲ: ಬೇಡಿಕೆಯ ಮೂರು ಸ್ಥಿತಿಗಳ ಕುರಿತು ಒಂದು ಟಿಪ್ಪಣಿ

ಒಂದು ಸರಕಿನ ಮಾರಾಟ ಕಡಿಮೆಯಿದೆ ಎಂಬ ಅಂಕಿಯನ್ನಷ್ಟೇ ನೋಡಿ ಮುಂದೇನು ಮಾಡಬೇಕೆಂದು ಹೇಳಲು ಬರುವುದಿಲ್ಲ. ಜನರಿಗೆ ಅದು ಬೇಡವಾಗಿರಬಹುದು. ಅವರಿಗೆ ಬೇಕಾದ ರೂಪದಲ್ಲಿ ಅದು ಇನ್ನೂ ಅಂಗಡಿಗೆ ಬಂದಿಲ್ಲದಿರಬಹುದು. ಒಂದು ಕಾಲಕ್ಕೆ ಬೇಕಾಗಿದ್ದದ್ದು ಈಗ ಬೇಡವಾಗುತ್ತಿರಬಹುದು. ಲೆಕ್ಕದ ಪುಸ್ತಕದಲ್ಲಿ ಈ ಮೂರೂ ಒಂದೇ ರೀತಿ ಕಾಣುತ್ತವೆ, ಆದರೆ ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ.

ಈ ವ್ಯತ್ಯಾಸವನ್ನು ಕ್ರಮವಾಗಿ ವಿವರಿಸಿದವರು ಫಿಲಿಪ್ ಕೋಟ್ಲರ್. 1973ರಲ್ಲಿ ‘ಜರ್ನಲ್ ಆಫ್ ಮಾರ್ಕೆಟಿಂಗ್’ ಪತ್ರಿಕೆಯಲ್ಲಿ ಬರೆದ ಲೇಖನವೊಂದರಲ್ಲಿ ಅವರು ಬೇಡಿಕೆಯ ಎಂಟು ಸ್ಥಿತಿಗಳನ್ನು ಗುರುತಿಸಿ, ಒಂದೊಂದಕ್ಕೂ ಒಂದೊಂದು ಕೆಲಸವನ್ನು ಹೇಳಿದರು. ಮಾರ್ಕೆಟಿಂಗ್ ಎಂದರೆ ಬೇಡಿಕೆ ಹೆಚ್ಚಿಸುವುದು ಮಾತ್ರ ಎಂಬ ನಂಬಿಕೆಯನ್ನು ಆ ಲೇಖನ ಪ್ರಶ್ನಿಸಿತು. ಪೂರೈಕೆಗೆ ಮೀರಿದ ಬೇಡಿಕೆಯನ್ನು ತಗ್ಗಿಸುವುದು, ಸಿಗರೇಟಿನಂಥ ಹಾನಿಕರ ವಸ್ತುವಿನ ಬೇಡಿಕೆಯನ್ನು ಅಳಿಸಲು ದುಡಿಯುವುದು, ಇವೂ ಆ ಪಟ್ಟಿಯಲ್ಲಿವೆ. ಎಂಟನ್ನೂ ಇಲ್ಲಿ ವಿವರಿಸುವ ಉದ್ದೇಶ ನನಗಿಲ್ಲ. ಋಣಾತ್ಮಕ ಬೇಡಿಕೆ, ಸುಪ್ತ ಬೇಡಿಕೆ ಮತ್ತು ಕುಸಿಯುವ ಬೇಡಿಕೆ ಎಂಬ ಮೂರನ್ನು ಮಾತ್ರ ತೆಗೆದುಕೊಂಡು, ಕಾಫಿ ಎಂಬ ಒಂದೇ ವಸ್ತುವಿನ ಚರಿತ್ರೆಯಲ್ಲಿಟ್ಟು ನೋಡುತ್ತೇನೆ. ಕೋಟ್ಲರ್ ಅವರ ಪಟ್ಟಿಯನ್ನು ಪಠ್ಯಪುಸ್ತಕಗಳು ಹೆಸರುಗಳ ಸರಮಾಲೆಯಾಗಿ ಕಲಿಸುತ್ತವೆ. ಯಾವ ಸ್ಥಿತಿಯೆಂದು ಪತ್ತೆ ಹಚ್ಚುವ ಬಗೆ ಮಾತ್ರ ಅಲ್ಲಿ ಸಿಗುವುದು ಅಪರೂಪ. ಕಷ್ಟವಿರುವುದು ಅಲ್ಲೇ.

ಮೊದಲು ಋಣಾತ್ಮಕ ಬೇಡಿಕೆ. ಒಂದು ವಸ್ತುವಿನ ಬಗ್ಗೆ ಜನ ಉದಾಸೀನರಾಗಿದ್ದರೆ ಅದು ಶೂನ್ಯ ಬೇಡಿಕೆ. ಅದರಿಂದ ದೂರವಿರಲು ಅವರು ಹಣವನ್ನೋ ಶ್ರಮವನ್ನೋ ತೆರಲು ಸಿದ್ಧರಿದ್ದರೆ ಅದು ಋಣಾತ್ಮಕ. ಹಲ್ಲಿನ ಚಿಕಿತ್ಸೆ, ಚುಚ್ಚುಮದ್ದು ಮುಂತಾದವು ಇದರ ಎಂದಿನ ಉದಾಹರಣೆಗಳು. ಇವುಗಳಲ್ಲಿ ನೋವಿನ ಭಯ ಎದುರಿಗೇ ಇರುವುದರಿಂದ ಪತ್ತೆ ಸುಲಭ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಇನ್‌ಸ್ಟಂಟ್ ಕಾಫಿಗೆ ಎದುರಾದ ತೊಡಕು ಇಷ್ಟು ಸುಲಭಕ್ಕೆ ಕಾಣುವಂಥದ್ದಾಗಿರಲಿಲ್ಲ.

ಬಿಸಿನೀರಿಗೆ ಬೆರೆಸಿದರೆ ಕಾಫಿ ಸಿದ್ಧ, ಸೋಸುವ ಗೋಜಿಲ್ಲ. ಆದರೂ ಬಹಳಷ್ಟು ಗೃಹಿಣಿಯರು ಅದನ್ನು ಕೊಳ್ಳುತ್ತಿರಲಿಲ್ಲ. ಯಾಕೆ ಇಷ್ಟವಿಲ್ಲ ಎಂದು ನೇರವಾಗಿ ಕೇಳಿದರೆ ಹೆಚ್ಚಿನವರು ರುಚಿ ಸರಿಯಿಲ್ಲ ಎನ್ನುತ್ತಿದ್ದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಮೇಸನ್ ಹೇರ್ ಅವರಿಗೆ ಈ ಉತ್ತರದಲ್ಲಿ ನಂಬಿಕೆ ಬರಲಿಲ್ಲ. ಕೇಳಿದವರಿಗೆ ಹೇಳಲು ಸಲೀಸಾದ, ಸಭ್ಯವಾದ ಕಾರಣವೊಂದನ್ನು ಜನ ಮುಂದಿಡುತ್ತಿದ್ದಾರೆ ಎಂಬುದು ಅವರ ಶಂಕೆ. 1950ರಲ್ಲಿ ಪ್ರಕಟವಾದ ಅವರ ಪ್ರಯೋಗ ಈ ಶಂಕೆಯಿಂದ ಹುಟ್ಟಿತು.

ಅವರು ದಿನಸಿಯ ಎರಡು ಪಟ್ಟಿಗಳನ್ನು ಸಿದ್ಧಪಡಿಸಿದರು. ಮಾಂಸ, ಬ್ರೆಡ್ಡು, ಒಂದು ಕಟ್ಟು ಕ್ಯಾರೆಟ್, ಬೇಕಿಂಗ್ ಪೌಡರ್, ಡಬ್ಬಿಯ ಪೀಚ್ ಹಣ್ಣು, ಆಲೂಗಡ್ಡೆ ಎರಡರಲ್ಲೂ ಇದ್ದವು. ವ್ಯತ್ಯಾಸ ಒಂದೇ: ಒಂದು ಪಟ್ಟಿಯಲ್ಲಿ ಸೋಸಿ ಕುಡಿಯುವ ಮ್ಯಾಕ್ಸ್‌ವೆಲ್ ಹೌಸ್ ಕಾಫಿಪುಡಿ, ಇನ್ನೊಂದರಲ್ಲಿ ನೆಸ್ಕೆಫೆ ಇನ್‌ಸ್ಟಂಟ್ ಕಾಫಿ. ನೂರು ಗೃಹಿಣಿಯರಲ್ಲಿ ಐವತ್ತು ಮಂದಿಗೆ ಒಂದು ಪಟ್ಟಿ, ಉಳಿದ ಐವತ್ತು ಮಂದಿಗೆ ಇನ್ನೊಂದು. ಎರಡು ಪಟ್ಟಿಗಳಿವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಈ ಸಾಮಾನು ಕೊಂಡ ಹೆಂಗಸು ಎಂಥವಳಿರಬಹುದು, ಅವಳ ಸ್ವಭಾವವನ್ನು ನಾಲ್ಕು ಮಾತಿನಲ್ಲಿ ಬರೆಯಿರಿ ಎಂದು ಕೇಳಲಾಯಿತು. ಕಾಫಿಯ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ.

ನೆಸ್ಕೆಫೆ ಕೊಂಡವಳನ್ನು ಶೇ 48ರಷ್ಟು ಮಂದಿ ಸೋಮಾರಿ ಎಂದು ಬರೆದರು. ಮ್ಯಾಕ್ಸ್‌ವೆಲ್ ಕೊಂಡವಳ ಬಗ್ಗೆ ಹಾಗೆ ಬರೆದವರು ಶೇ 4. ಮನೆವಾರ್ತೆಯನ್ನು ಯೋಚಿಸಿ ನಡೆಸುವವಳಲ್ಲ ಎಂದವರು ಕ್ರಮವಾಗಿ ಶೇ 48 ಮತ್ತು ಶೇ 12. ಒಳ್ಳೆಯ ಹೆಂಡತಿಯಲ್ಲ ಎಂದು ನೆಸ್ಕೆಫೆಯವಳನ್ನು ಶೇ 16ರಷ್ಟು ಮಂದಿ ದೂರಿದರು, ಮ್ಯಾಕ್ಸ್‌ವೆಲ್‌ನವಳನ್ನು ಹಾಗೆ ದೂರಿದವರು ಒಬ್ಬರೂ ಇಲ್ಲ.

ಇನ್‌ಸ್ಟಂಟ್ ಕಾಫಿಯ ಬಗ್ಗೆ ಜನ ಬರೀ ಉದಾಸೀನರಾಗಿದ್ದರೆ ಎರಡೂ ಗುಂಪಿನ ವರ್ಣನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತಿದ್ದವು. ಆಡಲು ಮಾತೇ ಇಲ್ಲದಿರುವುದು ಉದಾಸೀನತೆಯ ಗುರುತು. ಇಲ್ಲಿ ಆಡಲು ಬೇಕಾದಷ್ಟಿತ್ತು, ಅದೂ ರುಚಿಯ ಬಗ್ಗೆಯಲ್ಲ, ಕೊಳ್ಳುವವಳ ಬಗ್ಗೆ. ಆ ಪುಡಿಯನ್ನು ಮನೆಗೆ ತಂದರೆ ತನ್ನ ಮೇಲೂ ಅಂಥ ಮಾತು ಬರುತ್ತದೆ ಎಂಬ ಅಳುಕೇ ಅವಳು ತೆರಬೇಕಾಗಿದ್ದ ಬೆಲೆ. ಹೇರ್ ಇಲ್ಲಿಗೆ ನಿಲ್ಲಿಸದೆ ಇನ್ನೊಂದು ಹೆಜ್ಜೆ ಇಟ್ಟರು. ದೂರು ನೆಸ್ಕೆಫೆಯ ಮೇಲೋ, ದಿಢೀರ್ ತಯಾರಾಗುವ ಎಲ್ಲದರ ಮೇಲೋ ಎಂದು ತಿಳಿಯಲು, ಪಟ್ಟಿಗಳಿಗೆ ಸಿದ್ಧ ಕಡುಬಿನ ಮಿಶ್ರಣವೊಂದನ್ನು ಸೇರಿಸಿ ಮತ್ತೆ ಕೇಳಿದರು. ಆಗ ಮ್ಯಾಕ್ಸ್‌ವೆಲ್ ಕೊಂಡವಳಿಗೂ ಸೋಮಾರಿತನದ ಆರೋಪ ಅಂಟಿತು. ಎಂದರೆ ದೋಷ ಕಾಫಿಯದ್ದಲ್ಲ, ಬ್ರ್ಯಾಂಡಿನದ್ದೂ ಅಲ್ಲ, ಶ್ರಮ ಉಳಿಸುವ ಸಂಗತಿಯದ್ದೇ.

ಈಗ ಕೆಲಸದ ಮಾತು. ಋಣಾತ್ಮಕ ಬೇಡಿಕೆಗೆ ಕೋಟ್ಲರ್ ಹೇಳುವ ಕೆಲಸ ಪರಿವರ್ತನೆ, ವಿರೋಧ ಎಲ್ಲಿಂದ ಬರುತ್ತಿದೆಯೋ ಅಲ್ಲಿ ಅದನ್ನು ತಿರುಗಿಸುವುದು. ಗೃಹಿಣಿಯರ ನೇರ ಉತ್ತರವನ್ನು ನಂಬಿದ್ದರೆ ರುಚಿಯನ್ನು ಸುಧಾರಿಸುವುದಕ್ಕೇ ಎಲ್ಲ ಶ್ರಮ ಹೋಗುತ್ತಿತ್ತು. ಮಾರಾಟಗಾರನ ಸಹಜ ಪ್ರವೃತ್ತಿಯನ್ನು ಅನುಸರಿಸಿ ಸಮಯ ಉಳಿಯುತ್ತದೆ, ಶ್ರಮವಿಲ್ಲ ಎಂದು ಇನ್ನಷ್ಟು ಜೋರಾಗಿ ಜಾಹೀರಾತು ಹಾಕಿದ್ದರೆ, ಯಾವ ಮಾತು ಅವಳನ್ನು ಹೆದರಿಸುತ್ತಿತ್ತೋ ಅದನ್ನೇ ಮತ್ತೆ ಮತ್ತೆ ಹೇಳಿದಂತಾಗುತ್ತಿತ್ತು. ಶೂನ್ಯ ಬೇಡಿಕೆಗೆ ಹೊಂದುವ ಮದ್ದು ಋಣಾತ್ಮಕ ಬೇಡಿಕೆಯನ್ನು ಉಲ್ಬಣಗೊಳಿಸುವ ಪರಿ ಇದು. ಉಳಿದ ಸಮಯವನ್ನು ಆಕೆ ಮನೆಯವರಿಗಾಗಿ ಬಳಸುವವಳು ಎಂದು ತೋರಿಸುವುದು, ಅತಿಥಿಗಳೆದುರು ಹೆಮ್ಮೆಯಿಂದ ಕೊಡಬಹುದಾದ ಕಾಫಿ ಎಂದು ನಿಲ್ಲಿಸುವುದು, ಪರಿವರ್ತನೆಯ ದಾರಿಗಳೆಂದರೆ ಇಂಥವು.

ಈ ಪ್ರಯೋಗಕ್ಕೆ ಮಿತಿಗಳಿವೆ. ಪ್ರಸಿದ್ಧಿಯ ಭರದಲ್ಲಿ ಅವು ಮರೆತುಹೋಗುತ್ತವೆ. ಐವತ್ತೈವತ್ತು ಮಂದಿಯ ಗುಂಪು ಚಿಕ್ಕದು. ಜೊತೆಗೆ, ಪಟ್ಟಿಯ ಉಳಿದ ಸಾಮಾನುಗಳೊಂದಿಗೆ ಆ ಒಂದು ಪದಾರ್ಥ ಹೇಗೆ ಹೊಂದುತ್ತದೆ ಎಂಬುದೂ ಓದುಗರ ತೀರ್ಪನ್ನು ಬದಲಿಸಬಲ್ಲದು. 1978ರಲ್ಲಿ ಜೇಮ್ಸ್ ಆ್ಯಂಡರ್ಸನ್ ಎತ್ತಿದ ಆಕ್ಷೇಪ ಈ ಬಗೆಯದು, ಅದು ನ್ಯಾಯವಾದದ್ದೆಂದೇ ನನಗೆ ತೋರುತ್ತದೆ. ಇನ್ನೊಂದು ಸಂಗತಿ ಮಿತಿಯೆನ್ನುವುದಕ್ಕಿಂತ ಮುಂದುವರಿದ ಕಥೆ. 1970ರಲ್ಲಿ ವೆಬ್‌ಸ್ಟರ್ ಮತ್ತು ಫಾನ್ ಪೆಕ್‌ಮನ್ ಅದೇ ಪಟ್ಟಿಗಳ ಪ್ರಯೋಗವನ್ನು ಮತ್ತೊಮ್ಮೆ ನಡೆಸಿ ಪ್ರಕಟಿಸಿದಾಗ, ಇಬ್ಬರು ಹೆಂಗಸರ ವರ್ಣನೆಗಳ ನಡುವೆ ಗಮನಾರ್ಹ ವ್ಯತ್ಯಾಸ ಉಳಿದಿರಲಿಲ್ಲ. ದಿಢೀರ್ ಆಹಾರ ಅಷ್ಟರಲ್ಲಿ ಎಲ್ಲರ ಅಡುಗೆಮನೆ ಸೇರಿತ್ತು. ಆ ಹೊತ್ತಿನಲ್ಲೂ ಯಾರಾದರೂ ಸೋಮಾರಿತನದ ಕಳಂಕ ತೊಳೆಯುವ ಜಾಹೀರಾತಿಗೆ ಹಣ ಸುರಿದಿದ್ದರೆ, ಇಲ್ಲದ ರೋಗಕ್ಕೆ ಔಷಧ ಕೊಟ್ಟಂತೆ. ಬೇಡಿಕೆಯ ಸ್ಥಿತಿಗೆ ಕಾಲದ ಮುದ್ರೆ ಇರುತ್ತದೆ, ಹಳೆಯ ಪತ್ತೆಯನ್ನು ಮತ್ತೆ ಪರೀಕ್ಷಿಸದೆ ಬಳಸುವಂತಿಲ್ಲ.

ಸುಪ್ತ ಬೇಡಿಕೆ ಇದಕ್ಕೆ ತದ್ವಿರುದ್ಧ. ಇಲ್ಲಿ ಜನರಿಗೆ ಬಲವಾದ ಅಗತ್ಯವಿದೆ, ಅದನ್ನು ಪೂರೈಸುವ ಸರಕಿಲ್ಲ. ಕೆಲಸದ ಹೆಸರು ಅಭಿವೃದ್ಧಿ: ಅಗತ್ಯವನ್ನು ಅಳೆದು, ಅದಕ್ಕೆ ತಕ್ಕದ್ದನ್ನು ಕಟ್ಟಿಕೊಡುವುದು. ಇದಕ್ಕೆ ನಮ್ಮ ನೆಲದ ಉದಾಹರಣೆಯೇ ಇದೆ. ಆದರೆ ಅದರ ಪಕ್ಕದಲ್ಲಿ ಶೂನ್ಯ ಬೇಡಿಕೆಯ ಉದಾಹರಣೆಯೊಂದನ್ನು ಇಡದಿದ್ದರೆ ವ್ಯತ್ಯಾಸ ಕಾಣುವುದಿಲ್ಲ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಕಾಫಿಯ ದರ ನೆಲಕಚ್ಚಿತು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ದೇಶದೊಳಗಿನ ಮಾರುಕಟ್ಟೆಯನ್ನು ಹಿಗ್ಗಿಸದೆ ಉಳಿಗಾಲವಿರಲಿಲ್ಲ. 1935ರ ಕಾಫಿ ಸೆಸ್ ಕಾಯ್ದೆಯಡಿ ಸಮಿತಿಯೊಂದು ರೂಪುಗೊಂಡಿತು, 1936ರಲ್ಲಿ ಮುಂಬಯಿಯ ಚರ್ಚ್‌ಗೇಟ್‌ನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಯುದ್ಧದಿಂದಾಗಿ ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ ಈ ಕೆಲಸ ಇನ್ನೂ ತುರ್ತಾಯಿತು, 1942ರ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯ್ದೆಯ ಹೆಸರೇ ಅದನ್ನು ಹೇಳುತ್ತದೆ. ದಕ್ಷಿಣದ ಪಟ್ಟಣಗಳಲ್ಲಿ ಮನೆಮನೆಯ ಕಾಫಿ ಆಗಲೇ ಬೇರು ಬಿಟ್ಟಿತ್ತು. ಉತ್ತರದ ಬಹುಪಾಲು ಜನರಿಗೆ ಕಾಫಿಯ ಮೇಲೆ ದ್ವೇಷವೂ ಇರಲಿಲ್ಲ, ಹಂಬಲವೂ ಇರಲಿಲ್ಲ. ಅದು ಶೂನ್ಯ ಬೇಡಿಕೆ. ಅದಕ್ಕೆ ತಕ್ಕ ಕೆಲಸ ಪ್ರಚೋದನೆ, ಅಂದರೆ ಹದವಾಗಿ ಮಾಡಿದ ಕಾಫಿಯನ್ನು ಕಡಿಮೆ ದರಕ್ಕೆ ಜನರ ಕೈಗಿಟ್ಟು ರುಚಿ ಹತ್ತಿಸುವುದು. ಕಾಫಿ ಹೌಸುಗಳು ಆ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದವು. ದಿಲ್ಲಿ, ಕಲ್ಕತ್ತಗಳಲ್ಲಿ ಲೇಖಕರು, ವಿದ್ಯಾರ್ಥಿಗಳು, ರಾಜಕೀಯದವರು ಅಲ್ಲಿ ತುಂಬಿಕೊಂಡರು. 1957ರಲ್ಲಿ ಕಾಫಿ ಮಂಡಳಿ ಅವುಗಳನ್ನು ಮುಚ್ಚಲು ಹೊರಟಾಗ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ನೇತೃತ್ವದಲ್ಲಿ ನೌಕರರೇ ಸಹಕಾರ ಸಂಘಗಳನ್ನು ಕಟ್ಟಿ ನಡೆಸತೊಡಗಿದರು. ಹಾಗಿದ್ದೂ ಉತ್ತರದ ಅಡುಗೆಮನೆಗೆ ಕಾಫಿ ಇಳಿಯಲಿಲ್ಲ. ದೇಶದ ಕಾಫಿ ಬಳಕೆಯಲ್ಲಿ ಈಗಲೂ ದೊಡ್ಡ ಪಾಲು ದಕ್ಷಿಣದ ರಾಜ್ಯಗಳದ್ದೇ.

ಇದರಿಂದ ನನಗೆ ತೋರುವುದಿಷ್ಟು. ಕಾಫಿ ಹೌಸಿಗೆ ಬಂದವರಿಗೆ ಬೇಕಾಗಿದ್ದದ್ದು ಕೂತು ಮಾತಾಡುವ ಜಾಗ. ಕಾಫಿ ಆ ಜಾಗದ ಬಾಡಿಗೆ. ಶೂನ್ಯ ಬೇಡಿಕೆಯನ್ನು ಎಬ್ಬಿಸಲು ಹೊರಟ ಸಂಸ್ಥೆಗೆ ಅರಿವಿಲ್ಲದೆಯೇ ಸುಪ್ತ ಬೇಡಿಕೆಯೊಂದು ಸಿಕ್ಕಿತ್ತು, ಆದರೆ ಅದರ ಲೆಕ್ಕ ಕಾಫಿಪುಡಿಯ ಮಾರಾಟದಲ್ಲಿ ಕಾಣಿಸಿಕೊಳ್ಳುವಂಥದ್ದಲ್ಲ.

ಅದನ್ನು ಅರಿತು ಹಿಡಿದದ್ದು ಬೆಂಗಳೂರಿನಲ್ಲಿ, ಅರುವತ್ತು ವರ್ಷಗಳ ನಂತರ. 1996ರಲ್ಲಿ ವಿ. ಜಿ. ಸಿದ್ಧಾರ್ಥ ಅವರು ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು, ಕಾಫಿಯ ಜೊತೆಗೆ ಇಂಟರ್‌ನೆಟ್ಟನ್ನೂ ಇಟ್ಟರು. ಆಗ ಈ ಊರಿನಲ್ಲಿ ಒಳ್ಳೆಯ ಕಾಫಿಗೆ ಬರವಿರಲಿಲ್ಲ. ದರ್ಶಿನಿಗಳು ಕಡಿಮೆ ದುಡ್ಡಿಗೆ ಸೊಗಸಾದ ಫಿಲ್ಟರ್ ಕಾಫಿ ಕೊಡುತ್ತಿದ್ದವು, ಆದರೆ ನಿಂತು ಕುಡಿದು ಲೋಟ ಇಟ್ಟು ಹೊರಡಬೇಕು. ಕೂತು ಕುಡಿಯುವ ಹೋಟೆಲಿನಲ್ಲೂ ಹಿಂದೆ ಕಾಯುವವರಿರುತ್ತಾರೆ, ಮಾಣಿ ಬಿಲ್ಲು ತಂದಿಟ್ಟು ನೋಡುತ್ತಾನೆ. ಹುಡುಗ ಹುಡುಗಿಯರು ಒಂದು ಗಂಟೆ ನಿರಾತಂಕವಾಗಿ ಕೂರಲು ಪಾರ್ಕು, ಕಾಲೇಜಿನ ಮೆಟ್ಟಿಲು, ಅಂಗಡಿ ಮುಂದಿನ ಕಟ್ಟೆ ಇವನ್ನೇ ಹುಡುಕಬೇಕಿತ್ತು. ಸುಪ್ತ ಬೇಡಿಕೆಯನ್ನು ಗುರುತಿಸುವ ನಂಬಬಹುದಾದ ಲಕ್ಷಣ ಇದೇ: ಇಲ್ಲದ ಸರಕಿಗಾಗಿ ಜನ ಆಗಲೇ ಏನಾದರೊಂದು ಬದಲಿ ಏರ್ಪಾಡು ಮಾಡಿಕೊಂಡು ಅದರ ಕಷ್ಟವನ್ನು ಸಹಿಸುತ್ತಿರುತ್ತಾರೆ. ನಿಮಗೆ ಇಂಥದ್ದು ಬೇಕೇ ಎಂದು ಕೇಳಿದರೆ ಹೆಚ್ಚಿನವರು ಬೇಕು ಎನ್ನುತ್ತಾರೆ, ಅದಕ್ಕೆ ತೂಕವಿಲ್ಲ. ಬದಲಿಗಾಗಿ ಅವರು ಈಗಲೇ ತೆರುತ್ತಿರುವ ಶ್ರಮವನ್ನು ಅಳೆದರೆ ಅದಕ್ಕೆ ತೂಕವಿದೆ. ದರ್ಶಿನಿಯ ಲೋಟಕ್ಕಿಂತ ಹಲವು ಪಟ್ಟು ದುಬಾರಿಯಾದ ಕಾಫಿಯನ್ನು ಜನ ಕೊಂಡರು ಎಂದರೆ ಅವರು ಕೊಂಡದ್ದು ಕುರ್ಚಿಯನ್ನು.

ಮೂರನೆಯದಾದ ಕುಸಿಯುವ ಬೇಡಿಕೆಗೆ ಮತ್ತೆ ಅಮೆರಿಕಕ್ಕೆ ಹೋಗಬೇಕು. ಅಲ್ಲಿನ ನ್ಯಾಷನಲ್ ಕಾಫಿ ಅಸೋಸಿಯೇಷನ್ ಪ್ರತಿ ಚಳಿಗಾಲ ನಡೆಸುತ್ತಿದ್ದ ಸಮೀಕ್ಷೆಗಳ ಪ್ರಕಾರ 1962ರಲ್ಲಿ ಶೇ 74.7ರಷ್ಟು ಜನ ಕಾಫಿ ಕುಡಿಯುತ್ತಿದ್ದರು, ತಲಾ ಸರಾಸರಿ ದಿನಕ್ಕೆ 3.12 ಕಪ್ಪು. 1988ರ ಹೊತ್ತಿಗೆ ಕುಡಿಯುವವರು ಶೇ 50ಕ್ಕೆ, ತಲಾ ಬಳಕೆ 1.67 ಕಪ್ಪಿಗೆ ಇಳಿದಿತ್ತು.

ಕಪ್ಪುಗಳ ಲೆಕ್ಕವನ್ನು ಮಾತ್ರ ನೋಡಿದರೆ ಬಳಕೆ ಸುಮಾರು ಶೇ 46 ಕುಸಿದಿದೆ. ಆದರೆ ಈ ಸಂಖ್ಯೆಯೊಳಗೆ ಎರಡು ಬೇರೆ ಸಂಗತಿಗಳು ಬೆರೆತಿವೆ, ಅವನ್ನು ಬಿಡಿಸಿ ನೋಡಬೇಕು. ತಲಾ ಬಳಕೆಯನ್ನು ಕುಡಿಯುವವರ ಪಾಲಿನಿಂದ ಭಾಗಿಸಿದರೆ ಕುಡಿಯುವ ಒಬ್ಬರ ಬಳಕೆ ಸಿಗುತ್ತದೆ. 1962ರಲ್ಲಿ ಅದು ಸುಮಾರು 4.2 ಕಪ್ಪು, 1988ರಲ್ಲಿ ಸುಮಾರು 3.3. ಎಂದರೆ ಕುಡಿಯುವವರು ತಮ್ಮ ಕಪ್ಪುಗಳನ್ನು ಐದರಲ್ಲಿ ಒಂದು ಪಾಲು ಕಡಿಮೆ ಮಾಡಿದ್ದರು. ಕುಡಿಯುವವರ ಪಾಲು ಮಾತ್ರ ಮೂರರಲ್ಲಿ ಒಂದರಷ್ಟು ಇಳಿದಿತ್ತು. ಕುಸಿತದ ದೊಡ್ಡ ಭಾಗ ಬಂದದ್ದು ಕಡಿಮೆ ಕುಡಿದವರಿಂದಲ್ಲ, ಕುಡಿಯದೇ ಉಳಿದವರಿಂದ. ಇಳಿಕೆ ಅತ್ಯಂತ ತೀವ್ರವಾಗಿದ್ದದ್ದು ಎಳೆಯರಲ್ಲಿ. ಹಳೆಯ ಗಿರಾಕಿಗಳು ಬಿಟ್ಟುಹೋಗುವುದಕ್ಕಿಂತ ಹೆಚ್ಚಾಗಿ ಹೊಸ ಗಿರಾಕಿಗಳು ಬಾಗಿಲಿಗೇ ಬರುತ್ತಿರಲಿಲ್ಲ. ತಂಪು ಪಾನೀಯಗಳು ಅವರನ್ನು ಮೊದಲೇ ಹಿಡಿದಿದ್ದವು.

ಬೆಲೆ ಏರಿಕೆಯೇ ಕಾರಣವಿರಬಹುದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. 1975ರ ಜುಲೈನಲ್ಲಿ ಬ್ರೆಜಿಲಿನ ಕಾಫಿ ತೋಟಗಳ ಮೇಲೆ ಭೀಕರ ಹೆಪ್ಪುಮಂಜು ಕವಿದು, ಮುಂದಿನ ಎರಡು ವರ್ಷಗಳಲ್ಲಿ ದರ ಗಗನಕ್ಕೇರಿತು. ಬೆಲೆ ಏರಿದಾಗ ಕೊಳ್ಳುವ ಪ್ರಮಾಣ ತಗ್ಗುವುದು ಬೇಡಿಕೆಯ ಸ್ಥಿತಿ ಬದಲಾಗಿರುವುದರ ಗುರುತಲ್ಲ, ಬೆಲೆ ಇಳಿದರೆ ಅದು ಮರಳುತ್ತದೆ. ಇಲ್ಲಿ ಇಳಿಜಾರು ಆ ಹೆಪ್ಪುಮಂಜಿಗೆ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ ಶುರುವಾಗಿತ್ತು, ದರ ಇಳಿದ ಮೇಲೂ ಬಳಕೆ ಹಳೆಯ ಮಟ್ಟಕ್ಕೆ ಏರಲಿಲ್ಲ. ಬೆಲೆ ಗಾಯವನ್ನು ದೊಡ್ಡದು ಮಾಡಿರಬಹುದು, ಗಾಯ ಅದರಿಂದಾದದ್ದಲ್ಲ.

ದೊಡ್ಡ ಕಂಪನಿಗಳು ಈ ಕುಸಿತಕ್ಕೆ ಉತ್ತರಿಸಿದ ರೀತಿ ನೋಡಿದರೆ ಬೇಸರವಾಗುತ್ತದೆ. ಬೆಲೆಯ ಪೈಪೋಟಿಯಲ್ಲಿ ಗೆಲ್ಲಲು ಅವು ಅಗ್ಗದ ರೊಬಸ್ಟಾ ಬೀಜವನ್ನು ಹೆಚ್ಚು ಬೆರೆಸಿದವು, ರಿಯಾಯಿತಿ ಚೀಟಿ ಹಂಚಿದವು. ಈಗಾಗಲೇ ಕುಡಿಯುತ್ತಿರುವವನು ಒಂದು ಡಬ್ಬಿಯ ಬದಲು ಇನ್ನೊಂದನ್ನು ಕೊಳ್ಳುವಂತೆ ಮಾಡುವ ಉಪಾಯಗಳಿವು. ಮೊದಲ ಬಾರಿಗೆ ಬಾಯಿಗಿಡುವ ಇಪ್ಪತ್ತರ ಯುವಕನಿಗೆ ಸಿಕ್ಕಿದ್ದು ಮೊದಲಿಗಿಂತ ಕಳಪೆ ಕಪ್ಪು. 1980ರ ದಶಕದ ನಡುವೆ ಉದ್ಯಮ ಒಟ್ಟಾಗಿ ಹೊರತಂದ ‘ಕಾಫಿ ಅಚೀವರ್ಸ್’ ಟಿ.ವಿ. ಜಾಹೀರಾತುಗಳಲ್ಲಿ ಕಾದಂಬರಿಕಾರ ಕರ್ಟ್ ವಾನೆಗಟ್, ಗಾಯಕ ಡೇವಿಡ್ ಬೋವಿ ಅಂಥವರು ಕಾಣಿಸಿಕೊಂಡರು. ಗುರಿಯಾಗಿ ಹಿಡಿದ ವಯಸ್ಸು ಸರಿಯಾಗಿತ್ತು, ಆದರೆ ಲೋಟದಲ್ಲಿದ್ದದ್ದು ಬದಲಾಗಲಿಲ್ಲ. ಸಮೀಕ್ಷೆಯ ಅಂಕಿ ಇಳಿಯುತ್ತಲೇ ಹೋಯಿತು.

ಕುಸಿಯುವ ಬೇಡಿಕೆಗೆ ಕೋಟ್ಲರ್ ಸೂಚಿಸುವ ಕೆಲಸ ಮರುಮಾರ್ಕೆಟಿಂಗ್: ಹಳೆಯ ಸರಕಿಗೆ ಹೊಸ ಗುಂಪು, ಹೊಸ ರೂಪ ಅಥವಾ ಹೊಸ ಬಳಕೆಯನ್ನು ಹುಡುಕುವುದು. ಆ ಕೆಲಸ ನಡೆದದ್ದು ಉದ್ಯಮದ ಅಂಚಿನಲ್ಲಿ. ಆಲ್‌ಫ್ರೆಡ್ ಪೀಟ್ 1966ರಲ್ಲಿ ಬರ್ಕ್‌ಲಿಯಲ್ಲಿ ತೆರೆದ ಅಂಗಡಿ, 1971ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ಸ್ಟಾರ್‌ಬಕ್ಸ್, 1982ರಲ್ಲಿ ಹುಟ್ಟಿದ ಸ್ಪೆಷಾಲಿಟಿ ಕಾಫಿ ವ್ಯಾಪಾರಿಗಳ ಸಂಘ, ಇವರು ಅರೇಬಿಕಾ ಬೀಜವನ್ನು ತಾಜಾ ಹುರಿದು, ಯಾವ ದೇಶದ ಯಾವ ಸೀಮೆಯದು ಎಂದು ಹೇಳಿ, ಹೆಚ್ಚಿನ ಬೆಲೆಗೆ ಮಾರಿದರು. ಮಾರುಕಟ್ಟೆ ಒಟ್ಟಾರೆ ಕುಗ್ಗುತ್ತಿದ್ದ ವರ್ಷಗಳಲ್ಲೇ ಈ ಭಾಗ ಬೆಳೆಯಿತು. ಒಂದೇ ದೇಶದಲ್ಲಿ, ಒಂದೇ ಕಾಲದಲ್ಲಿ, ಡಬ್ಬಿಯ ಪುಡಿಗೆ ಕುಸಿಯುವ ಬೇಡಿಕೆ, ಒಳ್ಳೆಯ ಕಾಫಿಗೆ ಸುಪ್ತ ಬೇಡಿಕೆ. ದೇಶದ ಸರಾಸರಿಯಲ್ಲಿ ಇವೆರಡೂ ಒಂದನ್ನೊಂದು ಮುಚ್ಚಿಕೊಂಡಿದ್ದವು. ಕೋಟ್ಲರ್ ಅವರ ವರ್ಗೀಕರಣದಲ್ಲಿ ನನಗೆ ಕಾಣುವ ಕೊರತೆಯೂ ಇದೇ. ಸರಕಿಗೆ ಒಂದು ಸ್ಥಿತಿ ಇರುತ್ತದೆ ಎಂಬಂತೆ ಅದನ್ನು ಓದಿಕೊಳ್ಳುವುದು ಸುಲಭ, ನಿಜಕ್ಕೂ ಸ್ಥಿತಿ ಇರುವುದು ಒಂದು ಸರಕು ಮತ್ತು ಒಂದು ಗುಂಪಿನ ನಡುವೆ.

ಚಿಕ್ಕ ವ್ಯಾಪಾರಕ್ಕೆ ಇದು ಹೇಗೆ ಅನ್ವಯಿಸುತ್ತದೆ ಎಂದು ನೋಡಲು, ಬೆಂಗಳೂರಿನ ಹಳೆಯ ಬಡಾವಣೆಯ ಒಂದು ಕಾಫಿಪುಡಿ ಅಂಗಡಿಯನ್ನು ಊಹಿಸಿಕೊಳ್ಳೋಣ. ಹಿಂದೆ 400 ಮನೆಗಳಿಗೆ ತಿಂಗಳಿಗೆ ಮುಕ್ಕಾಲು ಕಿಲೋದಂತೆ 300 ಕಿಲೋ ಹೋಗುತ್ತಿತ್ತು, ಈಗ 240 ಕಿಲೋ. 400 ಮನೆಗಳೂ ಬರುತ್ತಿದ್ದು ತಲಾ 600 ಗ್ರಾಂ ಒಯ್ಯುತ್ತಿದ್ದರೂ 240 ಆಗುತ್ತದೆ, 320 ಮನೆಗಳು ಮೊದಲಿನಂತೆ ಮುಕ್ಕಾಲು ಕಿಲೋ ಒಯ್ದರೂ 240 ಆಗುತ್ತದೆ. ಮೊದಲನೆಯದಾದರೆ ಮನೆಯ ಜನ ಕಡಿಮೆಯಾದರೇ, ಒಂದು ಹೊತ್ತಿನ ಕಾಫಿ ಆಫೀಸಿನ ಯಂತ್ರಕ್ಕೆ ಹೋಯಿತೇ ಎಂದು ವಿಚಾರಿಸಬೇಕು. ಎರಡನೆಯದಾದರೆ ಬಿಟ್ಟುಹೋದ 80 ಮನೆಗಳು ಯಾವುವು ಎಂದು ಪಟ್ಟಿ ಮಾಡಬೇಕು. ಬಡಾವಣೆ ಬಿಟ್ಟವರು ಬೇರೆ, ಮಕ್ಕಳ ಕಾಲಕ್ಕೆ ಇನ್‌ಸ್ಟಂಟ್‌ಗೆ ಬದಲಾದವರು ಬೇರೆ. ಬದಲಾದವರಿಗೂ ಫಿಲ್ಟರ್ ಕಾಫಿ ರುಚಿಸದೆ ಹೋಯಿತೇ, ಅಥವಾ ಡಿಕಾಕ್ಷನ್ ಇಳಿಯುವವರೆಗೆ ಕಾಯುವ ಪುರುಸೊತ್ತಿಲ್ಲವೇ ಎಂಬುದನ್ನು ಬಿಡಿಸಿ ಕೇಳಬೇಕು. ಎರಡನೆಯ ಉತ್ತರ ಬಂದರೆ ಅದು ಸುಪ್ತ ಬೇಡಿಕೆ, ಸಿದ್ಧ ಡಿಕಾಕ್ಷನ್ನನ್ನು ಬಾಟಲಿಯಲ್ಲಿ ಮಾರಲು ಅಲ್ಲಿ ಜಾಗವಿದೆ.

ಚಿಕೋರಿಯ ಲೆಕ್ಕವನ್ನೂ ಬೇರೆ ಇಡಬೇಕು. ಮಿಶ್ರಣದಲ್ಲಿ ಕನಿಷ್ಠ ಶೇ 51 ಕಾಫಿ ಇರಬೇಕೆಂಬುದು ನಿಯಮ, ಅದರೊಳಗೆ ಗಿರಾಕಿ ತನಗೆ ಬೇಕಾದ ಪಾಲನ್ನು ಹೇಳಿ ಮಾಡಿಸಿಕೊಳ್ಳುತ್ತಾನೆ. 2024-25ರಲ್ಲಿ ಬೀಜದ ದರ ದಾಖಲೆ ಮಟ್ಟಕ್ಕೆ ಏರಿದಂಥ ಸಮಯದಲ್ಲಿ ಶೇ 20 ಚಿಕೋರಿ ಹಾಕಿಸುತ್ತಿದ್ದವನು ಶೇ 40ಕ್ಕೆ ಹೋದರೆ, ಅಂಗಡಿಯ ತೂಕ ಕದಲುವುದಿಲ್ಲ, ಒಳಗಿನ ಕಾಫಿ ಮಾತ್ರ ಕಾಲು ಭಾಗ ಕಡಿಮೆಯಾಗಿರುತ್ತದೆ. ದರ ಇಳಿದಾಗ ಆತ ಮತ್ತೆ ಶೇ 20ಕ್ಕೆ ಮರಳಿದರೆ ಅದು ಬೆಲೆಯ ಆಟವಷ್ಟೇ. ಮರಳದೆ, ಕಡು ಚಿಕೋರಿಯ ರುಚಿಗೇ ನಾಲಗೆ ಒಗ್ಗಿಹೋಗಿದ್ದರೆ, ಅದನ್ನು ಕುಸಿತದ ಮೊದಲ ಗುರುತೆಂದು ಬರೆದಿಟ್ಟುಕೊಂಡು ಮುಂದಿನ ವರ್ಷದ ಪುಸ್ತಕದಲ್ಲಿ ಮತ್ತೆ ನೋಡಬೇಕಾಗುತ್ತದೆ.